ಹರ್ಮಯನಿ ಯಾಕೆ ರೇವನ್‌ಕ್ಲಾದಲ್ಲಿಲ್ಲ? ಪಾತ್ರಗಳನ್ನು ಹೌಸ್‌ಗಳಿಗೆ ಹಂಚುವ ಆಟದ ಒಳಗುಟ್ಟು

ಹ್ಯಾರಿ ಪಾಟರ್ ಓದಿದವರು ಒಂದು ಕಡೆ ಸೇರಿದರೆ ಈ ವಾದ ಖಂಡಿತ ಬರುತ್ತದೆ. ಹರ್ಮಯನಿ ಗ್ರೇಂಜರ್ ಅಷ್ಟು ಓದುತ್ತಾಳೆ, ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾಳೆ. ಹಾಗಿದ್ದರೆ ಬುದ್ಧಿವಂತರ ಹೌಸ್ ಆದ ರೇವನ್‌ಕ್ಲಾಗೆ ಅವಳು ಯಾಕೆ ಹೋಗಲಿಲ್ಲ? ಈ ಪ್ರಶ್ನೆಯನ್ನು ಐದನೇ ಪುಸ್ತಕದಲ್ಲಿ ಟೆರ್ರಿ ಬೂಟ್ ಎಂಬ ಹುಡುಗ ಅವಳ ಮುಂದೆಯೇ ಇಡುತ್ತಾನೆ. ಮಕ್ಕಳನ್ನು ಹೌಸ್‌ಗಳಿಗೆ ಹಂಚುವ ಟೋಪಿಗೂ ಆ ಯೋಚನೆ ಬಂದಿತ್ತು, ಆದರೆ ಕೊನೆಗೆ ಗ್ರಿಫಿಂಡಾರ್ ಅಂತ ತೀರ್ಮಾನಿಸಿತು ಎಂದು ಅವಳು ಹೇಳುತ್ತಾಳೆ. ಯಾಕೆ ಹಾಗೆ ತೀರ್ಮಾನಿಸಿತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಓದುಗರ ಆಟ ಶುರುವಾಗುವುದು ಅಲ್ಲಿಂದಲೇ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1997ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಹಾಗ್ವರ್ಟ್ಸ್ ಶಾಲೆಗೆ ಸೇರಿದ ಮಕ್ಕಳ ತಲೆಯ ಮೇಲೆ ಒಂದು ಹಳೆಯ ಟೋಪಿ ಇಡುತ್ತಾರೆ. ಅದು ಮಗುವಿನ ಮನಸ್ಸನ್ನು ಓದಿ ನಾಲ್ಕು ಹೌಸ್‌ಗಳಲ್ಲಿ ಒಂದಕ್ಕೆ ಕಳಿಸುತ್ತದೆ. ಗ್ರಿಫಿಂಡಾರ್ ಧೈರ್ಯಕ್ಕೆ, ರೇವನ್‌ಕ್ಲಾ ಬುದ್ಧಿಗೆ, ಹಫಲ್‌ಪಫ್ ನಿಷ್ಠೆ ಮತ್ತು ದುಡಿಮೆಗೆ, ಸ್ಲಿದರಿನ್ ಚಾಲಾಕಿತನ ಮತ್ತು ಮಹತ್ವಾಕಾಂಕ್ಷೆಗೆ ಹೆಸರಾದವು. ಅಭಿಮಾನಿಗಳು ಈ ಟೋಪಿಯ ಕೆಲಸವನ್ನು ತಾವೇ ಕೈಗೆತ್ತಿಕೊಂಡರು. ಬೇರೆ ಕಥೆಗಳ ಪಾತ್ರಗಳನ್ನು, ಗೆಳೆಯರನ್ನು, ತಮ್ಮನ್ನೇ ಈ ನಾಲ್ಕು ಕಡೆ ಹಂಚತೊಡಗಿದರು.

ಶುರುವಿನಲ್ಲಿ ಎಲ್ಲರೂ ಗುಣ ನೋಡಿ ಹಂಚುತ್ತಾರೆ. ಪಾತ್ರ ಜಾಣನಾ, ರೇವನ್‌ಕ್ಲಾ. ಧೈರ್ಯವಂತನಾ, ಗ್ರಿಫಿಂಡಾರ್. ಕುತಂತ್ರಿಯಾ, ಸ್ಲಿದರಿನ್. ಯಾವುದೂ ಸರಿಹೊಂದದಿದ್ದರೆ, ಪಾಪ, ಹಫಲ್‌ಪಫ್. ಹೀಗೆ ಆಡಿದರೆ ಆಟ ಹತ್ತು ನಿಮಿಷಕ್ಕೆ ಸಪ್ಪೆಯಾಗುತ್ತದೆ. ಕಾರಣ ಸರಳ. ಕಥೆಯ ಮುಖ್ಯ ಪಾತ್ರಗಳಿಗೆಲ್ಲ ಸ್ವಲ್ಪ ಧೈರ್ಯ ಇರಲೇಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಹಾಗಾಗಿ ಎಲ್ಲ ನಾಯಕರೂ ಗ್ರಿಫಿಂಡಾರ್‌ಗೆ, ಎಲ್ಲ ಖಳರೂ ಸ್ಲಿದರಿನ್‌ಗೆ ಹೋಗಿ ಬೀಳುತ್ತಾರೆ. ಅದರಿಂದ ನಮಗೆ ಗೊತ್ತಿರದಿದ್ದ ಹೊಸ ವಿಷಯ ಒಂದೂ ಸಿಗುವುದಿಲ್ಲ.

ಇದಕ್ಕೆ ಅಭಿಮಾನಿಗಳೇ ಒಂದು ಒಳ್ಳೆಯ ದಾರಿ ಕಂಡುಕೊಂಡರು. ಸಾರ್ಟಿಂಗ್ ಹ್ಯಾಟ್ ಚಾಟ್ಸ್ ಎಂಬ ಹೆಸರಿನಲ್ಲಿ ಬೆಳೆದ ಈ ಪದ್ಧತಿಯಲ್ಲಿ ಒಬ್ಬರಿಗೆ ಒಂದು ಹೌಸ್ ಸಾಲದು, ಎರಡು ಬೇಕು. ಮೊದಲನೆಯದು ‘ಯಾಕೆ’ ಎಂಬುದರ ಹೌಸ್. ಈ ವ್ಯಕ್ತಿ ಯಾವುದನ್ನು ಸರಿ ಅಂದುಕೊಂಡು ನಡೆಯುತ್ತಾನೆ? ಅದನ್ನು ಪ್ರೈಮರಿ ಅನ್ನುತ್ತಾರೆ. ಎರಡನೆಯದು ‘ಹೇಗೆ’ ಎಂಬುದರ ಹೌಸ್. ಅಂದುಕೊಂಡಿದ್ದನ್ನು ಸಾಧಿಸುವಾಗ ಅವನ ಕೈ ಮೊದಲು ಯಾವ ಉಪಾಯದ ಕಡೆ ಹೋಗುತ್ತದೆ? ಅದು ಸೆಕೆಂಡರಿ.

ಈ ಲೆಕ್ಕದಲ್ಲಿ ಗ್ರಿಫಿಂಡಾರ್ ಪ್ರೈಮರಿ ಇರುವವರಿಗೆ ಸರಿ ತಪ್ಪು ಒಳಗಿನಿಂದ ಗೊತ್ತಾಗುತ್ತದೆ. ಅವರು ವಾದ ಮಾಡಿ ಆ ತೀರ್ಮಾನಕ್ಕೆ ಬಂದಿರುವುದಿಲ್ಲ, ಹೊಟ್ಟೆಯೊಳಗೆ ಅನಿಸಿರುತ್ತದೆ. ರೇವನ್‌ಕ್ಲಾ ಪ್ರೈಮರಿಯವರು ಯೋಚಿಸಿ, ಓದಿ, ಕೇಳಿ ತಮ್ಮ ನೀತಿಯನ್ನು ಕಟ್ಟಿಕೊಳ್ಳುತ್ತಾರೆ. ಹೊಸ ಸಂಗತಿ ಬಂದರೆ ಅದನ್ನು ತಿದ್ದಿಕೊಳ್ಳಲೂ ತಯಾರು. ಹಫಲ್‌ಪಫ್ ಪ್ರೈಮರಿಯವರಿಗೆ ಜನ ಮುಖ್ಯ. ಸಮುದಾಯ ಚೆನ್ನಾಗಿರಬೇಕು, ಎದುರಿಗೆ ಇರುವವರು ಯಾರೇ ಆದರೂ ಅವರಿಗೆ ನ್ಯಾಯ ಸಿಗಬೇಕು. ಸ್ಲಿದರಿನ್ ಪ್ರೈಮರಿಯವರಿಗೂ ಜನ ಮುಖ್ಯ, ಆದರೆ ತಾವು ಆರಿಸಿಕೊಂಡ ಕೆಲವರು ಮಾತ್ರ. ಆ ಕೆಲವರಿಗಾಗಿ ಅವರು ಲೋಕವನ್ನೇ ಎದುರು ಹಾಕಿಕೊಳ್ಳುತ್ತಾರೆ. ಇಲ್ಲಿ ಸ್ಲಿದರಿನ್ ಅಂದರೆ ಕೆಟ್ಟವರು ಎಂಬ ಹಳೆಯ ಮಾತು ತಾನಾಗಿ ಬಿದ್ದುಹೋಗುತ್ತದೆ. ಮಗನನ್ನು ಉಳಿಸಲು ಸುಳ್ಳು ಹೇಳುವ ತಾಯಿ ಸ್ಲಿದರಿನ್ ಪ್ರೈಮರಿ ಆಗಬಹುದು. ನಾರ್ಸಿಸಾ ಮಾಲ್ಫಾಯ್ ಕೊನೆಯ ಪುಸ್ತಕದಲ್ಲಿ ಖಳನಾಯಕ ವಾಲ್ಡೆಮಾರ್ಟ್‌ನಿಗೆ ಹ್ಯಾರಿ ಸತ್ತಿದ್ದಾನೆ ಎಂದು ಸುಳ್ಳು ಹೇಳುವುದು ಅದೇ ಕಾರಣಕ್ಕೆ.

ಸೆಕೆಂಡರಿ ಇನ್ನೂ ಸುಲಭ. ಗ್ರಿಫಿಂಡಾರ್ ನೇರವಾಗಿ ನುಗ್ಗುತ್ತಾನೆ. ರೇವನ್‌ಕ್ಲಾ ಮೊದಲೇ ತಯಾರಿ ಮಾಡಿಕೊಂಡು, ಮಾಹಿತಿ ಕೂಡಿಹಾಕಿಕೊಂಡು ಬರುತ್ತಾನೆ. ಹಫಲ್‌ಪಫ್ ದಿನವೂ ದುಡಿದು, ಜನರ ನಂಬಿಕೆ ಗಳಿಸಿ, ನಿಧಾನಕ್ಕೆ ಕೆಲಸ ಆಗಿಸುತ್ತಾನೆ. ಸ್ಲಿದರಿನ್ ಆ ಕ್ಷಣದಲ್ಲಿ ಏನು ಸಿಕ್ಕಿತೋ ಅದನ್ನು ಬಳಸಿ ದಾರಿ ಮಾಡಿಕೊಳ್ಳುತ್ತಾನೆ.

ಈಗ ಹರ್ಮಯನಿ ಪ್ರಶ್ನೆಗೆ ವಾಪಸ್ ಬರೋಣ. ನನಗೆ ತುಂಬಾ ಉಪಯೋಗಕ್ಕೆ ಬಂದ ಸಾಕ್ಷಿ ನಾಲ್ಕನೇ ಪುಸ್ತಕದ ಮನೆ-ಎಲ್ಫ್‌ಗಳ ಪ್ರಸಂಗ. ಈ ಎಲ್ಫ್‌ಗಳು ಸಂಬಳವಿಲ್ಲದೆ, ರಜೆಯಿಲ್ಲದೆ ದುಡಿಯುತ್ತಾರೆ. ಇದು ಗೊತ್ತಾದ ಕೂಡಲೇ ಹರ್ಮಯನಿಗೆ ಸಂಕಟ ಆಗುತ್ತದೆ, ಊಟ ಸೇರುವುದಿಲ್ಲ. ಅವರ ಬಿಡುಗಡೆಗೆ ಒಂದು ಸಂಘ ಕಟ್ಟುತ್ತಾಳೆ. ಎಲ್ಫ್‌ಗಳಿಗೆ ಅದು ಬೇಕಾಗಿಲ್ಲ ಎಂದು ಗೆಳೆಯ ರಾನ್ ಹೇಳುತ್ತಾನೆ, ಹ್ಯಾಗ್ರಿಡ್ ಹೇಳುತ್ತಾನೆ, ಎಲ್ಫ್‌ಗಳೇ ಹೇಳುತ್ತಾರೆ. ಅವಳು ಕೇಳುವುದಿಲ್ಲ. ಐದನೇ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗುತ್ತಾಳೆ. ಬಟ್ಟೆ ಕೊಟ್ಟರೆ ಎಲ್ಫ್ ಬಿಡುಗಡೆ ಆದಂತೆ. ಹಾಗಾಗಿ ಕೈಯಾರೆ ಟೋಪಿ ಹೆಣೆದು, ಕೋಣೆ ಸ್ವಚ್ಛ ಮಾಡುವಾಗ ಅವರ ಕೈಗೆ ಸಿಗಲಿ ಎಂದು ಕಸದ ಕೆಳಗೆ ಬಚ್ಚಿಡುತ್ತಾಳೆ. ಎಲ್ಫ್‌ಗಳಿಗೆ ಅವಮಾನವಾಗಿ ಆ ಕೋಣೆಗೆ ಬರುವುದನ್ನೇ ಬಿಡುತ್ತಾರೆ.

ಇದನ್ನು ಒಂದೊಂದೇ ಪ್ರೈಮರಿಯ ಜೊತೆ ಇಟ್ಟು ನೋಡಿ. ಹಫಲ್‌ಪಫ್ ಆಗಿದ್ದರೆ ಆ ಸಮುದಾಯದ ಮಾತು ಅವಳಿಗೆ ಮುಖ್ಯವಾಗುತ್ತಿತ್ತು. ಅಡುಗೆಮನೆಗೆ ಹೋಗಿ ಕೂತು ಅವರು ಏನು ಹೇಳುತ್ತಾರೆ ಅಂತ ಕೇಳುತ್ತಿದ್ದಳು. ರೇವನ್‌ಕ್ಲಾ ಆಗಿದ್ದರೆ ಹೊಸ ಮಾಹಿತಿ ಬಂದಾಗ ಒಮ್ಮೆಯಾದರೂ ನಿಂತು ತನ್ನ ನಿಲುವನ್ನು ಪರೀಕ್ಷಿಸುತ್ತಿದ್ದಳು. ಸ್ಲಿದರಿನ್ ಆಗಿದ್ದರೆ ಪರಿಚಯವೇ ಇಲ್ಲದ ಎಲ್ಫ್‌ಗಳಿಗಾಗಿ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಉಳಿಯುವುದು ಗ್ರಿಫಿಂಡಾರ್. ಗುಲಾಮಗಿರಿ ತಪ್ಪು ಅಂತ ಅವಳಿಗೆ ಒಳಗಿನಿಂದ ಗೊತ್ತಿದೆ, ಅಷ್ಟೇ. ಆ ಖಾತ್ರಿ ಅವಳನ್ನು ಸರಿಯಾದ ಕಡೆಗೂ ಒಯ್ಯುತ್ತದೆ, ಎದುರಿನವರ ಮಾತು ಕೇಳದ ಹಾಗೂ ಮಾಡುತ್ತದೆ.

ಹಾಗಾದರೆ ಆ ಓದು, ಲೈಬ್ರರಿ, ಪಟ್ಟಿಗಳು? ಅವೆಲ್ಲ ‘ಹೇಗೆ’ಗೆ ಸೇರಿದ್ದು. ಅದೇ ಸಂಘವನ್ನು ಅವಳು ಕಟ್ಟುವ ರೀತಿ ನೋಡಿ. ಲೈಬ್ರರಿಯಲ್ಲಿ ಕೂತು ಎಲ್ಫ್‌ಗಳ ಚರಿತ್ರೆ ಓದುತ್ತಾಳೆ. ಬ್ಯಾಡ್ಜ್ ಮಾಡಿಸುತ್ತಾಳೆ, ಎರಡು ಸಿಕಲ್ ಸದಸ್ಯತ್ವ ಶುಲ್ಕ ಇಡುತ್ತಾಳೆ, ಉದ್ದೇಶಗಳನ್ನು ಬರೆದಿಡುತ್ತಾಳೆ. ಕೊನೆಯ ಪುಸ್ತಕದಲ್ಲಿ ಓಡಿಹೋಗಬೇಕಾದಾಗ ಬಟ್ಟೆ, ಪುಸ್ತಕ, ಡೇರೆ ಎಲ್ಲ ಅವಳ ಪುಟ್ಟ ಮಣಿಚೀಲದಲ್ಲಿ ಮೊದಲೇ ತುಂಬಿರುತ್ತವೆ. ತಯಾರಿಯೇ ಅವಳ ಆಯುಧ. ಇದು ಅಪ್ಪಟ ರೇವನ್‌ಕ್ಲಾ ಸೆಕೆಂಡರಿ.

ಆದರೆ ಒಂದು ಎದುರು ಸಾಕ್ಷಿ ಇದೆ, ಅದನ್ನು ಬಿಟ್ಟುಬಿಟ್ಟರೆ ಮೋಸ ಆಗುತ್ತದೆ. ಐದನೇ ಪುಸ್ತಕದಲ್ಲಿ ಮುಖ್ಯೋಪಾಧ್ಯಾಯಿನಿ ಅಂಬ್ರಿಜ್ ಕೈಗೆ ಸಿಕ್ಕಿಬಿದ್ದಾಗ ಹರ್ಮಯನಿ ನಿಂತ ನಿಲುವಿನಲ್ಲೇ ಒಂದು ಕಥೆ ಕಟ್ಟುತ್ತಾಳೆ. ಕಾಡಿನಲ್ಲಿ ಒಂದು ಗುಪ್ತ ಆಯುಧ ಇದೆ ಎಂದು ಅಳುತ್ತಾ ನಟಿಸಿ ಅವಳನ್ನು ಕಾಡಿಗೆ ಕರೆದೊಯ್ಯುತ್ತಾಳೆ. ಇದು ಸ್ಲಿದರಿನ್ ಉಪಾಯ ಅಲ್ವಾ? ಹೌದು. ಈ ಪದ್ಧತಿಯಲ್ಲಿ ಇದಕ್ಕೆ ಮಾಡೆಲ್ ಎಂಬ ಮಾತಿದೆ. ನಮ್ಮದಲ್ಲದ ರೀತಿಯನ್ನು ನೋಡಿ ಕಲಿತು, ಬೇಕಾದಾಗ ಬಳಸಿ, ಆಮೇಲೆ ಪಕ್ಕಕ್ಕಿಡುವುದು. ಆದರೆ ಕಷ್ಟ ಬಂದಲ್ಲೆಲ್ಲ ‘ಅದು ಮಾಡೆಲ್’ ಎಂದು ತಪ್ಪಿಸಿಕೊಂಡರೆ ವಾದಕ್ಕೆ ಬೆಲೆ ಇರುವುದಿಲ್ಲ. ಅದು ಮಾಡೆಲ್ ಅಂತ ತೋರಿಸಲು ಬೇರೆ ಸಾಕ್ಷಿ ಬೇಕು. ಹರ್ಮಯನಿ ವಿಷಯದಲ್ಲಿ ಅದು ಮೊದಲ ಪುಸ್ತಕದಲ್ಲೇ ಇದೆ. ಡೆವಿಲ್ಸ್ ಸ್ನೇರ್ ಎಂಬ ಬಳ್ಳಿ ಗೆಳೆಯರನ್ನು ಸುತ್ತಿಕೊಂಡು ಉಸಿರುಗಟ್ಟಿಸುತ್ತಿರುತ್ತದೆ. ಅದಕ್ಕೆ ಕತ್ತಲೆ ಮತ್ತು ತೇವ ಇಷ್ಟ ಎಂದು ತರಗತಿಯಲ್ಲಿ ಕಲಿತದ್ದು ಅವಳಿಗೆ ನೆನಪಾಗುತ್ತದೆ. ಆದರೆ ಹಾಗಾದರೆ ಬೆಂಕಿ ಹಚ್ಚು ಎಂದು ಹ್ಯಾರಿ ಹೇಳಿದಾಗ, ಸೌದೆ ಇಲ್ಲವಲ್ಲ ಎಂದು ಗಾಬರಿಯಾಗುತ್ತಾಳೆ! ನೀನು ಮಾಟಗಾತಿ ಹೌದೋ ಅಲ್ಲವೋ ಎಂದು ರಾನ್ ಕೂಗಿಕೊಳ್ಳಬೇಕಾಗುತ್ತದೆ. ತಿಳಿವಳಿಕೆ ಕೂಡಲೇ ಬಂತು, ಆ ಕ್ಷಣಕ್ಕೆ ತಕ್ಕ ಚಾಲಾಕಿತನ ಬರಲಿಲ್ಲ. ಅದನ್ನು ಅವಳು ಆಮೇಲಿನ ವರ್ಷಗಳಲ್ಲಿ ಕಲಿತಳು.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅವಳು ಬೆಳೆದ ದಾರಿ ಕಾಣುತ್ತದೆ. ಅಭಿಮಾನಿಗಳಿಗೆ ಈ ಆಟ ಇಷ್ಟವಾಗುವುದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಇದೇ. ಸುಮ್ನೆ ಓದಿಕೊಂಡು ಹೋಗುವಾಗ ಬಳ್ಳಿಯ ಪ್ರಸಂಗ ಒಂದು ತಮಾಷೆ, ಕಾಡಿನದು ಒಂದು ರೋಚಕ ಘಟನೆ. ಸೆಕೆಂಡರಿ ಯಾವುದು ಎಂಬ ಪ್ರಶ್ನೆ ಕೈಯಲ್ಲಿದ್ದಾಗ ಎರಡೂ ಒಂದೇ ಎಳೆಯಲ್ಲಿ ಸೇರುತ್ತವೆ. ಪುಸ್ತಕವನ್ನು ಮತ್ತೆ ತೆಗೆದು ಪುಟ ಹುಡುಕಲು ಒಂದು ನೆಪ ಸಿಗುತ್ತದೆ.

ಈ ಪದ್ಧತಿ ಆ ಲೋಕದ ಹೊರಗೂ ನಡೆಯುತ್ತದೆಯೇ? ಕನ್ನಡದ ಓದುಗರಿಗೆಲ್ಲ ಗೊತ್ತಿರುವ ಕರ್ಣನನ್ನು ಟೋಪಿಯ ಕೆಳಗೆ ಕೂರಿಸಿ ನೋಡೋಣ.

ಮೊದಲ ನೋಟಕ್ಕೆ ಅವನು ಸ್ಲಿದರಿನ್ ಪ್ರೈಮರಿ. ಯುದ್ಧಕ್ಕೆ ಮುಂಚೆ ಕೃಷ್ಣ ಬಂದು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನೇ ಹಿರಿಯ, ರಾಜ್ಯ ನಿನ್ನದು ಎನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ. ಸಾಕಿದ ರಾಧೆ ಮತ್ತು ಅಧಿರಥರನ್ನು, ಅಂಗರಾಜ್ಯ ಕೊಟ್ಟು ಮಾನ ಉಳಿಸಿದ ದುರ್ಯೋಧನನನ್ನು ಬಿಟ್ಟು ಬರಲಾರೆ ಎನ್ನುತ್ತಾನೆ. ಗೆಲ್ಲುವುದು ಪಾಂಡವರೇ ಎಂದು ಗೊತ್ತಿದ್ದೂ ಹಾಗೆನ್ನುತ್ತಾನೆ. ತಾನು ಆರಿಸಿಕೊಂಡ ಕೆಲವರು, ಅವರ ಎದುರು ಧರ್ಮ, ರಾಜ್ಯ, ಜೀವ ಯಾವುದೂ ದೊಡ್ಡದಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಕೇಸು ಮುಗಿಯಿತು.

ಆದರೆ ಕವಚ ಕುಂಡಲ ಇದೆಯಲ್ಲ. ಇಂದ್ರ ಮಾರುವೇಷದಲ್ಲಿ ಬೇಡಲು ಬರುತ್ತಾನೆ ಎಂದು ಸೂರ್ಯ ಮೊದಲೇ ಎಚ್ಚರಿಸುತ್ತಾನೆ. ಕೊಟ್ಟರೆ ತನ್ನ ಜೀವಕ್ಕೆ ಅಪಾಯ. ಅಷ್ಟೇ ಅಲ್ಲ, ದುರ್ಯೋಧನ ನಂಬಿಕೊಂಡಿರುವುದೇ ಕರ್ಣನನ್ನು. ಆದರೂ ಕೊಡುತ್ತಾನೆ. ಕುಂತಿ ಬಂದಾಗ ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ ಎಂದು ಮಾತು ಕೊಡುತ್ತಾನೆ, ಅದನ್ನು ಯುದ್ಧದಲ್ಲಿ ಪಾಲಿಸುತ್ತಾನೆ. ಗೆಳೆಯನ ಗೆಲುವೇ ಎಲ್ಲಕ್ಕಿಂತ ಮೇಲೆ ಎನ್ನುವವನು ಇವೆರಡನ್ನೂ ಮಾಡುವುದಿಲ್ಲ. ಇಲ್ಲಿ ಅವನನ್ನು ನಡೆಸುತ್ತಿರುವುದು ಬೇಡಿದವರಿಗೆ ಇಲ್ಲ ಎನ್ನಬಾರದು, ಕೊಟ್ಟ ಮಾತು ಮುರಿಯಬಾರದು ಎಂಬ ಒಂದು ಕಟ್ಟು. ಅದನ್ನು ಅವನು ತಾನೇ ಹಾಕಿಕೊಂಡಿದ್ದಾನೆ. ಹುಟ್ಟಿನಿಂದ ಸಿಗದ ಗೌರವವನ್ನು ಆ ಕಟ್ಟಿನಿಂದ ಗಳಿಸಿದ್ದಾನೆ. ಹಾಗೆ ನೋಡಿದರೆ ಅದು ಕಟ್ಟಿಕೊಂಡ ನೀತಿ, ಅಂದರೆ ರೇವನ್‌ಕ್ಲಾ. ದುರ್ಯೋಧನನ ಮೇಲಿನ ನಿಷ್ಠೆ ಕೂಡ ಆಗ ಬೇರೆ ಬಣ್ಣದಲ್ಲಿ ಕಾಣುತ್ತದೆ. ಅದು ಆ ವ್ಯಕ್ತಿಯ ಮೇಲಿನ ಪ್ರೀತಿಯೋ, ಉಪಕಾರ ಮರೆಯಬಾರದು ಎಂಬ ನಿಯಮವೋ?

ನಾನು ರೇವನ್‌ಕ್ಲಾ ಪ್ರೈಮರಿ ಕಡೆ ವಾಲುತ್ತೇನೆ. ಸೆಕೆಂಡರಿ ಗ್ರಿಫಿಂಡಾರ್ ಎನ್ನುವುದರಲ್ಲಿ ನನಗೆ ಅನುಮಾನ ಕಡಿಮೆ. ರಂಗದ ಮಧ್ಯಕ್ಕೆ ಬಂದು ಎಲ್ಲರೆದುರು ಅರ್ಜುನನಿಗೆ ಸವಾಲು ಹಾಕುವವನು ಅವನು. ಪರಶುರಾಮನಿಗೆ ಬ್ರಾಹ್ಮಣನೆಂದು ಸುಳ್ಳು ಹೇಳಿದ್ದು ಎದುರು ಸಾಕ್ಷಿ, ನಿಜ. ಆದರೆ ಅದು ನೇರ ದಾರಿ ಮುಚ್ಚಿದ್ದಾಗ ಹಿಡಿದ ದಾರಿ. ನೀವು ಇದನ್ನು ಒಪ್ಪದೆ ಇರಬಹುದು. ಒಪ್ಪದಿದ್ದರೆ ನೀವು ಯಾವ ಪ್ರಸಂಗವನ್ನು ಮುಂದಿಡುತ್ತೀರಿ ಎನ್ನುವುದೇ ಮುಂದಿನ ಸುತ್ತಿನ ಆಟ.

ಇಷ್ಟು ಹೊತ್ತಿಗೆ ಒಂದು ಅಭ್ಯಾಸ ಕಂಡಿರಬಹುದು. ಪಾತ್ರಕ್ಕೆ ಮುಖ್ಯವಾದ ಎರಡು ಸಂಗತಿಗಳಲ್ಲಿ ಒಂದನ್ನು ಬಿಡಲೇಬೇಕಾದ ಜಾಗವನ್ನು ಹುಡುಕುವುದು. ಪಾತ್ರ ಆರಾಮಾಗಿ ಇರುವಾಗ ಏನು ಮಾಡುತ್ತದೆ ಎನ್ನುವುದರಿಂದ ಪ್ರೈಮರಿ ಗೊತ್ತಾಗುವುದಿಲ್ಲ. ಏನನ್ನು ಕಳೆದುಕೊಳ್ಳಲು ತಯಾರಿದೆ, ಆಮೇಲೆ ಯಾವುದಕ್ಕೆ ಪಶ್ಚಾತ್ತಾಪ ಪಡುತ್ತದೆ, ಅಲ್ಲಿ ಗೊತ್ತಾಗುತ್ತದೆ. ವಾದ ಪೊಳ್ಳೋ ಗಟ್ಟಿಯೋ ಎಂದು ತಿಳಿಯಲೂ ಒಂದು ಪರೀಕ್ಷೆ ಇದೆ. ನಿಮ್ಮ ವಾದದಲ್ಲಿ ಹೌಸ್‌ನ ಹೆಸರನ್ನು ಮಾತ್ರ ಬದಲಿಸಿ ಓದಿ. ‘ಅವನು ಗೆಳೆಯರಿಗಾಗಿ ಹೋರಾಡುತ್ತಾನೆ, ಹಾಗಾಗಿ ಗ್ರಿಫಿಂಡಾರ್’ ಎನ್ನುವಲ್ಲಿ ಹಫಲ್‌ಪಫ್ ಅಂತ ಹಾಕಿದರೂ, ಸ್ಲಿದರಿನ್ ಅಂತ ಹಾಕಿದರೂ ವಾಕ್ಯ ನಡೆಯುತ್ತದೆ. ಅಂದರೆ ಅದು ಇನ್ನೂ ವಾದ ಆಗಿಲ್ಲ. ಇನ್ನೊಂದು ತೊಂದರೆ ದೂರದರ್ಶನ ಸರಣಿಗಳಲ್ಲಿ ಬರುತ್ತದೆ. ಹಲವು ಬರಹಗಾರರು ಬರೆದ ಪಾತ್ರ ಒಂದು ಕಂತಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ನಡೆದುಕೊಳ್ಳುತ್ತದೆ. ಅಂಥಲ್ಲಿ ಎರಡು ಹೌಸ್‌ಗಳ ನಡುವೆ ತೂಗಾಡುವುದು ಪಾತ್ರದ ಆಳ ಆಗಿರಬೇಕಿಲ್ಲ, ಬರವಣಿಗೆಯ ಸಡಿಲವೂ ಇರಬಹುದು.

ನಮ್ಮನ್ನು ನಾವೇ ಹಂಚಿಕೊಳ್ಳುವಾಗ ಮಾತ್ರ ಕಥೆ ಬೇರೆ. ಪಾಟರ್‌ಮೋರ್ ಜಾಲತಾಣದ ಟೋಪಿ ಪ್ರಶ್ನಾವಳಿಗೆ ಉತ್ತರ ಕೊಟ್ಟು, ಬಂದ ಹೌಸ್‌ನ ವಿವರಣೆ ಓದಿ, ‘ಅಯ್ಯೋ, ಇದು ನಾನೇ’ ಎಂದವರು ಬಹಳ ಮಂದಿ. ಇಲ್ಲಿ ಸ್ವಲ್ಪ ಎಚ್ಚರ ಬೇಕು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಆಮೇಲೆ ಪ್ರತಿಯೊಬ್ಬರಿಗೂ ಅವರದೇ ಫಲಿತಾಂಶ ಎಂದು ಹೇಳಿ ಒಂದು ವಿವರಣೆ ಹಂಚಿದ. ನಿಜವಾಗಿ ಎಲ್ಲರಿಗೂ ಸಿಕ್ಕಿದ್ದು ಒಂದೇ ಬರಹ. ಎಷ್ಟು ಸರಿಯಾಗಿದೆ ಎಂದು 5ರಲ್ಲಿ ಅಂಕ ಕೊಡಲು ಹೇಳಿದಾಗ ಸರಾಸರಿ 4 ದಾಟಿತು. ಸಾಮಾನ್ಯ ಮಾತನ್ನು ನಮ್ಮ ಬಗ್ಗೆಯೇ ಹೇಳಿದ್ದು ಎಂದು ನಂಬುವುದು ನಮಗೆ ಅಷ್ಟು ಸುಲಭ. ಹೌಸ್‌ಗಳ ವಿವರಣೆಯಲ್ಲೂ ಇಂಥ ಮಾತು ಧಾರಾಳ. ನಿಷ್ಠೆ ಇಲ್ಲದವನು ನಾನು ಎಂದು ಯಾರು ಹೇಳಿಕೊಳ್ಳುತ್ತಾರೆ?

ಹೌಸ್ ಸಿಕ್ಕ ಮೇಲೆ ಅದರ ಮೇಲೆ ಅಭಿಮಾನ ಹುಟ್ಟುವುದಕ್ಕೂ ಹೆಚ್ಚು ಕಾರಣ ಬೇಕಿಲ್ಲ. ಹೆನ್ರಿ ತಾಜ್‌ಫೆಲ್ 1970ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬ್ರಿಸ್ಟಲ್‌ನ ಹದಿಹರೆಯದ ಹುಡುಗರನ್ನು ಎರಡು ಗುಂಪು ಮಾಡಿದ್ದರು. ಪರದೆಯ ಮೇಲಿನ ಚುಕ್ಕೆಗಳನ್ನು ನೀವು ಎಣಿಸಿದ ರೀತಿ ನೋಡಿ ವಿಂಗಡಿಸಿದ್ದೇವೆ ಎಂದು ಹೇಳಿದ್ದರು, ನಿಜವಾಗಿ ಮನಬಂದಂತೆ ಮಾಡಿದ್ದರು. ತನ್ನ ಗುಂಪಿನಲ್ಲಿ ಯಾರಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಬೇರೆಯವರಿಗೆ ಹಣ ಹಂಚಲು ಹೇಳಿದಾಗ ತಮ್ಮ ಗುಂಪಿನವರಿಗೆ ಜಾಸ್ತಿ ಕೊಟ್ಟರು. ಚುಕ್ಕೆಗಳಿಗೇ ಇಷ್ಟಾದರೆ, ಬಣ್ಣ, ಪ್ರಾಣಿಯ ಲಾಂಛನ, ಸಾವಿರ ವರ್ಷದ ಕಥೆ ಇರುವ ಹೌಸ್‌ಗೆ ಎಷ್ಟಾಗಬೇಡ? ಒಂದೇ ಹೌಸ್‌ನ ಅಪರಿಚಿತರು ಭೇಟಿಯಾದ ಕೂಡಲೇ ಹಳೆಯ ಗೆಳೆಯರಂತೆ ಮಾತಿಗಿಳಿಯುವುದು ಇದರಿಂದಲೇ.

ಅದಕ್ಕೇ ಸ್ವಂತ ಹೌಸ್ ಹುಡುಕುವುದು ಬೇಡ ಎಂದು ನಾನು ಹೇಳುವುದಿಲ್ಲ. ನೇರವಾಗಿ ಹೇಳಲು ಮುಜುಗರವಾಗುವ ಎಷ್ಟೋ ಮಾತು ಅಲ್ಲಿ ಸಲೀಸಾಗಿ ಬರುತ್ತದೆ. ‘ನನಗೆ ನನ್ನವರು ನಾಲ್ಕು ಜನ ಚೆನ್ನಾಗಿದ್ದರೆ ಸಾಕು, ಲೋಕದ ಚಿಂತೆ ಬೇಡ’ ಎಂದು ಸುಮ್ನೆ ಹೇಳಿದರೆ ಸ್ವಾರ್ಥಿ ಎನಿಸಬಹುದು. ‘ನಾನು ಸ್ಲಿದರಿನ್ ಪ್ರೈಮರಿ’ ಎಂದರೆ ಎದುರಿನವರು ‘ಹೌದಾ, ನಿನ್ನವರು ಅಂದರೆ ಯಾರು?’ ಎಂದು ಕೇಳುತ್ತಾರೆ. ಮಾತು ಮುಂದುವರಿಯುತ್ತದೆ.

ಹಂಚಿಕೆಯ ಕಥೆಗಳು ತಾವು ಹಾಕಿದ ಗೆರೆಗಳನ್ನು ತಾವೇ ದಾಟುತ್ತವೆ ಎನ್ನುವುದೂ ಗಮನಿಸಬೇಕಾದ್ದು. 2011ರಲ್ಲಿ ಬಂದ ಡೈವರ್ಜೆಂಟ್ ಕಾದಂಬರಿಯಲ್ಲಿ ಐದು ಬಣಗಳಿವೆ. ಯುದ್ಧಕ್ಕೆ ಕಾರಣವಾದ ದೋಷ ಯಾವುದು ಎಂಬ ಬಗ್ಗೆ ಒಂದೊಂದು ಬಣಕ್ಕೂ ಒಂದೊಂದು ಉತ್ತರ. ಸ್ವಾರ್ಥ ಎಂದವರು ತ್ಯಾಗವನ್ನು ಹಿಡಿದರು, ಅಜ್ಞಾನ ಎಂದವರು ಜ್ಞಾನವನ್ನು, ಹೇಡಿತನ ಎಂದವರು ಧೈರ್ಯವನ್ನು. 16ನೇ ವಯಸ್ಸಿಗೆ ಒಂದನ್ನು ಆರಿಸಬೇಕು. ಆದರೆ ನಾಯಕಿ ಟ್ರಿಸ್‌ಳ ಪರೀಕ್ಷೆಯಲ್ಲಿ ಮೂರು ಬಣಗಳು ಬರುತ್ತವೆ, ಕಥೆ ಓಡುವುದೇ ಅದರ ಮೇಲೆ. ಹಾಗ್ವರ್ಟ್ಸ್‌ನಲ್ಲೂ ಟೋಪಿ ಹ್ಯಾರಿಯನ್ನು ಸ್ಲಿದರಿನ್‌ಗೆ ಕಳಿಸಲು ಯೋಚಿಸುತ್ತದೆ, ಅವನು ಬೇಡ ಎಂದಾಗ ಅದಕ್ಕೆ ಕಿವಿಗೊಡುತ್ತದೆ. ನೆವಿಲ್ ತನಗೆ ಧೈರ್ಯ ಸಾಲದು ಎಂದು ಹಫಲ್‌ಪಫ್ ಕೇಳಿದಾಗ ಮಾತ್ರ ಒಪ್ಪುವುದಿಲ್ಲ. ಗೆಳೆಯರಿಗೇ ದ್ರೋಹ ಮಾಡಿದ ಪೀಟರ್ ಪೆಟಿಗ್ರೂನನ್ನೂ ಅದೇ ಟೋಪಿ ಗ್ರಿಫಿಂಡಾರ್‌ಗೆ ಕಳಿಸಿತ್ತು. ಹನ್ನೊಂದು ವರ್ಷಕ್ಕೇ ಹಂಚುವುದು ಆತುರವೇನೋ ಎಂಬ ಅರ್ಥದ ಮಾತನ್ನು ಕೊನೆಯ ಪುಸ್ತಕದಲ್ಲಿ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಸ್ಲಿದರಿನ್‌ನ ಸ್ನೇಪ್‌ನ ಎದುರು ಆಡುತ್ತಾನೆ.

ರಾನ್‌ನ ಅಣ್ಣ ಪರ್ಸಿ ವೀಸ್ಲಿಯ ಬಗ್ಗೆ ಅಭಿಮಾನಿಗಳ ಜಗಳ ಮುಗಿಯದಿರುವುದು ಇದಕ್ಕೇ. ಐದನೇ ಪುಸ್ತಕದಲ್ಲಿ ಅವನು ಮನೆಯವರನ್ನು ಬಿಟ್ಟು ತಾನು ಕೆಲಸ ಮಾಡುವ ಮಾಂತ್ರಿಕರ ಸರ್ಕಾರದ ಕಡೆ ನಿಲ್ಲುತ್ತಾನೆ, ಕೊನೆಯ ಯುದ್ಧದ ದಿನ ಓಡಿಬಂದು ಕ್ಷಮೆ ಕೇಳುತ್ತಾನೆ. ನಿಯಮಗಳನ್ನು ನಂಬಿದ ರೇವನ್‌ಕ್ಲಾ ಪ್ರೈಮರಿ ಅವನು, ಆ ವ್ಯವಸ್ಥೆಯೇ ಕೊಳೆತದ್ದು ಗೊತ್ತಾದಾಗ ತನ್ನ ನೀತಿಯನ್ನು ತಿದ್ದಿಕೊಂಡ ಎಂದು ಒಂದು ಪಕ್ಷ. ಸಂಸ್ಥೆಯನ್ನೇ ತನ್ನ ಸಮುದಾಯ ಎಂದುಕೊಂಡಿದ್ದ ಹಫಲ್‌ಪಫ್, ಕೊನೆಗೆ ನಿಜವಾದ ಸಮುದಾಯಕ್ಕೆ ಮರಳಿದ ಎಂದು ಇನ್ನೊಂದು. ಅವನು ಸುರಂಗದಿಂದ ಹೊರಬಂದು ತನ್ನನ್ನು ತಾನೇ ಮೂರ್ಖ ಎಂದು ಬೈದುಕೊಳ್ಳುತ್ತಾನಲ್ಲ, ಅಲ್ಲಿ ಅವನನ್ನು ಜಾಸ್ತಿ ಚುಚ್ಚುತ್ತಿರುವುದು ತಪ್ಪು ಲೆಕ್ಕ ಹಾಕಿದ್ದೋ, ಮನೆಯವರನ್ನು ತೊರೆದದ್ದೋ? ಆ ಪುಟವನ್ನು ಇನ್ನೊಮ್ಮೆ ಓದಿ ನೋಡಿ. ನಾನು ಎರಡನೆಯ ಪಕ್ಷದಲ್ಲಿದ್ದೇನೆ.